ಓಟಿಯ ಕೈಶುಚಿ ಆಡಿಟ್: ‘ಹೌದು / ಇಲ್ಲ’ ಫಾರಂ ಬಿಟ್ಟು ಎರಡು ಭಾಗದ ಫಾರಂಗೆ ಬಂದ ಬಗೆ

ಆಪರೇಷನ್ ಥಿಯೇಟರಿನಲ್ಲಿ ಕೈಶುಚಿ ಲೆಕ್ಕ ಹಾಕಲು ನಮ್ಮಲ್ಲಿ ಮೊದಲು ಇದ್ದದ್ದು ಒಂದೇ ಪುಟದ ಫಾರಂ. ಎಡಗಡೆ ಸರ್ಜನ್, ಅಸಿಸ್ಟೆಂಟ್, ಸ್ಕ್ರಬ್ ನರ್ಸ್, ಅನಸ್ತೇಸಿಯಾ ಡಾಕ್ಟರ್, ಫ್ಲೋರ್ ನರ್ಸ್, ಓಟಿ ಟೆಕ್ನಿಷಿಯನ್ ಎಂದು ಆರು ಸಾಲು. ಬಲಗಡೆ ‘ಕೈಶುಚಿ ಮಾಡಿದರೇ? ಹೌದು / ಇಲ್ಲ’. ಕೊನೆಗೆ ‘ಷರಾ’ ಎಂಬ ಕಾಲಂ. ಬೆಂಗಳೂರಿನ ಎಷ್ಟೋ ಆಸ್ಪತ್ರೆಗಳಲ್ಲಿ ಇವತ್ತಿಗೂ ಇಂಥದ್ದೇ ಫಾರಂ ಓಡುತ್ತಿದೆ. ಆಸ್ಪತ್ರೆಗಳ ಗುಣಮಟ್ಟಕ್ಕೆ ಕೊಡುವ ಎನ್‌ಎಬಿಎಚ್ ಮಾನ್ಯತೆಗೆ ಕೈಶುಚಿ ಪಾಲನೆಯ ಅಂಕಿಯನ್ನು ತೋರಿಸಲೇಬೇಕು, ಆ ಮಟ್ಟಿಗೆ ಫಾರಂ ತನ್ನ ಕೆಲಸ ಮಾಡುತ್ತದೆ. ಆದರೆ ಅದನ್ನು ಹಿಡಿದು ಓಟಿಯಲ್ಲಿ ಯಾವ ಕೈ, ಯಾವ ಗಳಿಗೆಯಲ್ಲಿ, ಏಕೆ ತಪ್ಪುತ್ತಿದೆ ಎಂದು ಕೇಳಿದರೆ ಉತ್ತರವೇ ಸಿಗುವುದಿಲ್ಲ. ಸೋಂಕು ನಿಯಂತ್ರಣ ತಂಡದಲ್ಲಿ ಕೂತು ಆ ಫಾರಂ ಅನ್ನು ಬಿಡಿಸಿ ಮತ್ತೆ ಕಟ್ಟಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೂಲ ತೊಂದರೆ ಇಷ್ಟು: ಓಟಿಯಲ್ಲಿ ಕೈಶುಚಿ ಎಂಬ ಒಂದು ಹೆಸರಿನ ಅಡಿಯಲ್ಲಿ ಎರಡು ಬೇರೆ ಕೆಲಸಗಳು ನಡೆಯುತ್ತವೆ. ಒಂದು, ಸರ್ಜನ್ ಮತ್ತು ಅವರ ಜೊತೆಯವರು ಗೌನು, ಗ್ಲೌಸ್ ಹಾಕಿಕೊಳ್ಳುವ ಮೊದಲು ಮಾಡುವ ಸರ್ಜಿಕಲ್ ಸ್ಕ್ರಬ್ಬು. ಅದು ಒಂದು ಕೇಸಿಗೆ ಒಬ್ಬರಿಗೆ ಸಾಮಾನ್ಯವಾಗಿ ಒಂದೇ ಸಲ. ಅಲ್ಲಿ ನೋಡಬೇಕಾದ್ದು ‘ಸರಿಯಾಗಿ ಮಾಡಿದರೇ’ ಎಂದು. ಇನ್ನೊಂದು, ಸ್ಕ್ರಬ್ ಆಗದ ಉಳಿದವರ ಕೈ. ಅನಸ್ತೇಸಿಯಾ ಡಾಕ್ಟರ್, ಫ್ಲೋರ್ ನರ್ಸ್, ಟೆಕ್ನಿಷಿಯನ್ ಮೂವರೂ ರೋಗಿಯನ್ನು ಮುಟ್ಟಿ ಮೆಷಿನ್ ಮುಟ್ಟಿ ಟ್ರಾಲಿ ತೆರೆದು ಮತ್ತೆ ರೋಗಿಯನ್ನು ಮುಟ್ಟುತ್ತಲೇ ಇರುತ್ತಾರೆ. ಅಲ್ಲಿ ನೋಡಬೇಕಾದ್ದು ‘ಎಷ್ಟು ಸಲ ಮಾಡಬೇಕಿತ್ತು, ಎಷ್ಟು ಸಲ ಮಾಡಿದರು’ ಎಂದು. ಈ ಎರಡನ್ನೂ ಒಂದೇ ಟಿಕ್ ಗುರುತಿಗೆ ಇಳಿಸಿದರೆ, ಸ್ಕ್ರಬ್ ಸಿಂಕಿನ ಮುಂದೆ ಎಲ್ಲರೂ ನೋಡುವಂತೆ ನಡೆಯುವ ಕೆಲಸದ ಒಳ್ಳೆಯ ಅಂಕ ರೋಗಿಯ ತಲೆಯ ಕಡೆ ನಡೆಯುವ ಲೋಪವನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಹೊಸ ಫಾರಂನಲ್ಲಿ ಸ್ಕ್ರಬ್ ಆಗದವರ ಕೈಗೆ ‘ಎ’, ಸರ್ಜಿಕಲ್ ಸ್ಕ್ರಬ್ಬಿಗೆ ‘ಬಿ’ ಎಂದು ಎರಡು ಭಾಗ ಮಾಡಿ, ಎರಡರ ಅಂಕವನ್ನು ಎಲ್ಲಿಯೂ ಕೂಡಿಸಬಾರದು ಎಂದು ಫಾರಂನ ತಲೆಯಲ್ಲೇ ಬರೆದೆವು.

ಎ ಭಾಗದ ಆಧಾರ ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿಯ ಐದು ಗಳಿಗೆಗಳು: ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ಕ್ರಿಯೆಗೆ ಮೊದಲು, ರಕ್ತ ಅಥವಾ ದೇಹದ ದ್ರವ ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ನಂತರ. ವಾರ್ಡಿನಲ್ಲಿ ಇವನ್ನು ಗುರುತಿಸುವುದು ಸುಲಭ. ಹಾಸಿಗೆ, ಪಕ್ಕದ ಲಾಕರ್, ಡ್ರಿಪ್ ಸ್ಟ್ಯಾಂಡ್ ಇಷ್ಟು ರೋಗಿಯ ವಲಯ ಎಂದು ಕಣ್ಣಿಗೇ ಕಾಣುತ್ತದೆ. ಓಟಿಯಲ್ಲಿ ಆ ವಲಯ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲು ಕೂತು ತೀರ್ಮಾನಿಸಬೇಕು, ಇಲ್ಲವಾದರೆ ಒಂದೇ ದೃಶ್ಯ ನೋಡಿದ ಇಬ್ಬರು ಎರಡು ಲೆಕ್ಕ ಬರೆಯುತ್ತಾರೆ. ನಾವು ಟೇಬಲ್, ಮಾನಿಟರ್, ಅನಸ್ತೇಸಿಯಾ ಮೆಷಿನ್, ಆ ಕೇಸಿಗೆಂದೇ ಸಿರಿಂಜು ಜೋಡಿಸಿಟ್ಟ ಟ್ರೇ ಇವನ್ನು ಒಳಗೆ ಸೇರಿಸಿದೆವು. ಕೇಸ್ ಮುಗಿದ ಮೇಲೆ ಇವನ್ನು ಒರೆಸುತ್ತಾರೆ ಎಂಬುದು ಅದಕ್ಕೆ ಕಾರಣ. ಔಷಧಿ ಟ್ರಾಲಿಯ ಡ್ರಾಯರ್‌ಗಳು, ಕಂಪ್ಯೂಟರ್ ಕೀಬೋರ್ಡ್, ಫೋನು, ಬಾಗಿಲ ಹಿಡಿ ಇವು ಹೊರಗೆ. ಡ್ರಾಯರ್ ವಿಷಯದಲ್ಲಿ ಕೊಂಚವೂ ಸಡಿಲ ಬಿಡಬಾರದು. ಒಂದು ಕೇಸಿನ ಎಂಜಲು ತಾಗಿದ ಗ್ಲೌಸ್ ಡ್ರಾಯರಿನೊಳಗೆ ಹೋದರೆ, ಆ ದಿನ ಆ ಕೋಣೆಗೆ ಬರುವ ಎಲ್ಲ ರೋಗಿಗಳಿಗೂ ಅದೇ ಡ್ರಾಯರಿನ ಟ್ಯೂಬು, ಪ್ಲಾಸ್ಟರು, ಸಿರಿಂಜು ಹೋಗುತ್ತದೆ. ಕೇಸುಗಳ ನಡುವೆ ಅದರ ಒಳಗನ್ನು ಯಾರೂ ಒರೆಸುವುದಿಲ್ಲ.

ಈ ಗಳಿಗೆಗಳಿಂದಾಗಿ ಕೈಶುಚಿ ಮಾಡಲೇಬೇಕಾದ ಪ್ರತಿ ಸಂದರ್ಭವನ್ನೂ ಒಂದು ‘ಅವಕಾಶ’ ಎಂದು ಎಣಿಸುತ್ತೇವೆ. ಈಗ ಒಂದು ಕೇಸನ್ನೇ ಬಿಡಿಸಿ ನೋಡೋಣ. ಪಿತ್ತಕೋಶ ತೆಗೆಯುವ ಲ್ಯಾಪ್ರೊಸ್ಕೋಪಿ, ಜನರಲ್ ಅನಸ್ತೇಸಿಯಾ. ರೋಗಿ ಟೇಬಲ್ಲಿಗೆ ಬಂದಾಗಿನಿಂದ ಉಸಿರಾಟದ ಟ್ಯೂಬ್ ಕಟ್ಟಿ ಮುಗಿಯುವವರೆಗೆ ಅನಸ್ತೇಸಿಯಾ ಡಾಕ್ಟರ್ ಕೈಯನ್ನು ಮಾತ್ರ ಹಿಂಬಾಲಿಸುವುದು.

ಇಸಿಜಿ ಲೀಡ್, ಬಿಪಿ ಕಫ್ ಕಟ್ಟುವ ಮೊದಲು ಒಂದು ಅವಕಾಶ. ಆಲ್ಕೊಹಾಲ್ ಹ್ಯಾಂಡ್‌ರಬ್ ಹಾಕಿಕೊಂಡರು, ಮಾಡಿದ್ದು ಒಂದು. ಆಮೇಲೆ ಮಾನಿಟರಿನ ಗುಂಡಿ ಒತ್ತಿ ನೇರವಾಗಿ ಗ್ಲೌಸ್ ತೊಟ್ಟು ರಕ್ತನಾಳಕ್ಕೆ ಕ್ಯಾನುಲಾ ಹಾಕಿದರು. ಶುದ್ಧ ಕ್ರಿಯೆಗೆ ಮೊದಲಿನ ಅವಕಾಶ ತಪ್ಪಿತು. ಗ್ಲೌಸ್ ಇತ್ತು ಎಂದು ಪಕ್ಕದ ವೃತ್ತದಲ್ಲಿ ಗುರುತು. ಕ್ಯಾನುಲಾ ಆದ ಮೇಲೆ ಗ್ಲೌಸ್ ಬಿಚ್ಚಿ, ಅದೇ ಕೈಯಲ್ಲಿ ಪ್ಲಾಸ್ಟರಿಗೆಂದು ಡ್ರಾಯರ್ ಎಳೆದರು. ರಕ್ತ ತಾಗಿರಬಹುದಾದ ಕೆಲಸದ ನಂತರದ್ದು ತಪ್ಪಿತು. ಡ್ರಾಯರ್ ಮುಚ್ಚಿ, ರಬ್ ಹಾಕಿಕೊಂಡು, ಕ್ಯಾನುಲಾದ ಪೋರ್ಟಿನಲ್ಲಿ ಔಷಧಿ ಕೊಟ್ಟರು, ಇದು ಮಾಡಿದ್ದು. ಮೆಷಿನ್ನಿನ ನಾಬ್ ತಿರುಗಿಸಿ, ಹೊಸ ಗ್ಲೌಸ್ ತೊಟ್ಟು, ಬಾಯಿ ತೆರೆದು ಲ್ಯಾರಿಂಗೋಸ್ಕೋಪ್ ಹಾಕಿದರು. ಲೋಳೆಪೊರೆ ಮುಟ್ಟುವ ಕೆಲಸವೂ ಶುದ್ಧ ಕ್ರಿಯೆಯೇ, ಹಾಗಾಗಿ ಇದೂ ತಪ್ಪಿತು. ಟ್ಯೂಬ್ ಕೂತ ತಕ್ಷಣ ಎಂಜಲಾದ ಅದೇ ಗ್ಲೌಸಿನಲ್ಲಿ ವೆಂಟಿಲೇಟರ್ ಗುಂಡಿ, ವೇಪರೈಸರ್ ಮುಟ್ಟಿದರು, ಮತ್ತೊಂದು ತಪ್ಪಿತು. ಕೊನೆಗೆ ಗ್ಲೌಸ್ ತೆಗೆದು, ರಬ್ ಹಾಕಿಕೊಂಡು, ಚಾರ್ಟ್ ಬರೆಯಲು ಹೋದರು, ಮಾಡಿದ್ದು.

ಏಳು ಅವಕಾಶ, ಮೂರು ಕ್ರಿಯೆ. ಅದೇ ಹೊತ್ತಿನಲ್ಲಿ ಫ್ಲೋರ್ ನರ್ಸಿಗೆ ನಾಲ್ಕರಲ್ಲಿ ಎರಡು, ಟೆಕ್ನಿಷಿಯನ್ನಿಗೆ ಮೂರರಲ್ಲಿ ಒಂದು ಎಂದಿಟ್ಟುಕೊಳ್ಳಿ. ಒಟ್ಟು 14ರಲ್ಲಿ 6, ಶೇ 43. ಇದೇ ಕೇಸನ್ನು ಹಳೆಯ ಫಾರಂನಲ್ಲಿ ಬರೆದರೆ ಏನಾಗುತ್ತದೆ ನೋಡಿ. ಮೂವರು ಸ್ಕ್ರಬ್ ಆಗಿದ್ದಾರೆ, ಉಳಿದ ಮೂವರೂ ಎಂದೋ ಒಂದು ಸಲವಾದರೂ ರಬ್ ಹಾಕಿಕೊಂಡದ್ದು ಕಣ್ಣಿಗೆ ಬಿದ್ದಿದೆ. ಆರಕ್ಕೆ ಆರು ‘ಹೌದು’, ಶೇ 100. ಒಂದೇ ಕೋಣೆ, ಅದೇ ಜನ, ಅದೇ ಕೈ. ಬರೆದವರು ಸುಳ್ಳು ಬರೆದಿಲ್ಲ, ಫಾರಂ ಕೇಳಿದ ಪ್ರಶ್ನೆಯೇ ಹಾಗಿತ್ತು.

ಅವಕಾಶ ಎಣಿಸುವಾಗ ಹೆಚ್ಚು ಜಗಳ ಬರುವುದು ಎರಡು ಕಡೆ. ಒಂದು, ಎರಡು ಗಳಿಗೆಗಳು ಒಂದೇ ಅವಕಾಶದಲ್ಲಿ ಸೇರುವುದು. ಕ್ಯಾನುಲಾ ಮುಗಿಸಿ ನಡುವೆ ಏನನ್ನೂ ಮುಟ್ಟದೆ ಪೋರ್ಟಿಗೆ ಕೈ ಹಾಕಿದರೆ, ‘ದ್ರವದ ನಂತರ’ ಮತ್ತು ‘ಶುದ್ಧ ಕ್ರಿಯೆಗೆ ಮೊದಲು’ ಎರಡಕ್ಕೂ ಟಿಕ್ ಹಾಕಿ ಅವಕಾಶ ಮಾತ್ರ ಒಂದು ಎಂದೇ ಬರೆಯಬೇಕು. ಒಂದು ಸಲ ರಬ್ ಹಾಕಿಕೊಂಡರೆ ಎರಡಕ್ಕೂ ಆಯಿತು. ನಡುವೆ ಡ್ರಾಯರ್ ಬಂದದ್ದರಿಂದಲೇ ಮೇಲಿನ ಕೇಸಿನಲ್ಲಿ ಅವು ಎರಡಾದವು. ಇನ್ನೊಂದು, ತುರ್ತು. ಟ್ಯೂಬ್ ಹಾಕುವಾಗ ಆಕ್ಸಿಜನ್ ಮಟ್ಟ ಇಳಿಯುತ್ತಿದ್ದರೆ ಯಾರೂ ಮೂವತ್ತು ಸೆಕೆಂಡು ಕೈ ಉಜ್ಜುತ್ತಾ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಅಂಥದ್ದನ್ನು ಲೆಕ್ಕದಿಂದ ಬಿಟ್ಟುಬಿಡಿ ಎಂಬ ಒತ್ತಾಯ ಬರುತ್ತದೆ. ನಾವು ಬಿಡುವುದಿಲ್ಲ. ತಪ್ಪಿದ್ದು ಎಂದೇ ಬರೆದು ಪಕ್ಕದಲ್ಲಿ ‘ತು’ ಎಂದು ಹಾಕುತ್ತೇವೆ. ಕೈ ಕೊಳೆಯಾಗಿದ್ದು ತುರ್ತಿನಲ್ಲೂ ನಿಜವೇ. ಆದರೆ ‘ತು’ ಇರುವ ಸಾಲಿಗೆ ತೆಗೆದುಕೊಳ್ಳುವ ಸರಿಪಡಿಸುವ ಕ್ರಮ ವ್ಯಕ್ತಿಯ ಮೇಲೆ ಹೋಗದೆ ವ್ಯವಸ್ಥೆಯ ಮೇಲೆ ಹೋಗಬೇಕು. ಉದಾಹರಣೆಗೆ, ಟ್ಯೂಬ್ ಹಾಕುವಾಗ ಜೋಡಿ ಗ್ಲೌಸ್ ತೊಟ್ಟು, ಟ್ಯೂಬ್ ಕೂತ ಕೂಡಲೇ ಮೇಲಿನದನ್ನು ಕಳಚಿ ಆಮೇಲೆ ಮೆಷಿನ್ ಮುಟ್ಟುವುದು. ಆಸ್ಪತ್ರೆ ಸೋಂಕು ತಡೆಯ ಕ್ಷೇತ್ರದ ಅಮೆರಿಕದ ‘ಶಿಯಾ’ ಸಂಸ್ಥೆಯ ಅನಸ್ತೇಸಿಯಾ ಮಾರ್ಗದರ್ಶನದಲ್ಲಿ ಈ ಸಲಹೆ ಇದೆ, ಕೆಲಸಕ್ಕೂ ಬರುತ್ತದೆ. ಒಳಗಿನ ಗ್ಲೌಸ್ ತೆಗೆದ ಮೇಲೆ ರಬ್ ಬೇಕೇ ಬೇಕು.

ನೋಡುವವರು ಯಾವಾಗ ಒಳಗೆ ಹೋಗುತ್ತಾರೆ ಎಂಬುದರ ಮೇಲೆ ಅಂಕ ಪೂರ್ತಿ ಬದಲಾಗುತ್ತದೆ. ಒಂದು ಸೆಷನ್ ಸುಮಾರು 20 ನಿಮಿಷ, ಹತ್ತು ಹೆಚ್ಚುಕಡಿಮೆ ಆಗಬಹುದು. ಆಪರೇಷನ್ ನಡುವೆ ಹೋಗಿ ನಿಂತರೆ ಆ ಹೊತ್ತಿನಲ್ಲಿ ಅವಕಾಶಗಳೇ ಕಡಿಮೆ, ಹಾಳೆ ಚೊಕ್ಕಟವಾಗಿ ಹೊರಗೆ ಬರುತ್ತದೆ. ಕೈ ಹೆಚ್ಚು ಓಡಾಡುವುದು ಅನಸ್ತೇಸಿಯಾ ಕೊಡುವಾಗ ಮತ್ತು ರೋಗಿಯನ್ನು ಎಬ್ಬಿಸುವಾಗ. ಹಾಗಾಗಿ ಫಾರಂನಲ್ಲಿ ‘ಹಂತ’ ಎಂಬ ಕಾಲಂ ಇಟ್ಟು, ಶುರು, ನಡು, ಎಬ್ಬಿಸುವುದು ಇವುಗಳಲ್ಲಿ ಯಾವುದು ಎಂದು ಕಡ್ಡಾಯವಾಗಿ ಬರೆಸುತ್ತೇವೆ. ನಿಲ್ಲುವ ಜಾಗ ಟೇಬಲ್ಲಿನ ಕಾಲಿನ ಕಡೆಯ ಮೂಲೆ, ತಲೆಯ ಕಡೆಯೂ ಟ್ರಾಲಿಯೂ ಎರಡೂ ಕಾಣಬೇಕು. ಏಕಕಾಲಕ್ಕೆ ಮೂವರಿಗಿಂತ ಹೆಚ್ಚು ಜನರನ್ನು ನೋಡಬಾರದು. ಅನಸ್ತೇಸಿಯಾ ಶುರುವಿನಲ್ಲಿ ಇಬ್ಬರೇ ಸಾಕು. ಹೆಸರು ಬರೆಯುವುದಿಲ್ಲ, ಹುದ್ದೆ ಮಾತ್ರ.

ಬಿ ಭಾಗ ಸ್ಕ್ರಬ್ ಸಿಂಕಿನ ಪಕ್ಕ ನಿಂತು ತುಂಬುವುದು. ಒಬ್ಬರಿಗೆ ಒಂದು ಕಾಲಂ, ಹತ್ತು ಅಂಶ, ಪ್ರತಿಯೊಂದಕ್ಕೂ ಒಂದು ಅಂಕ. ಉಂಗುರ, ವಾಚು, ಬಳೆ, ದಾರ ತೆಗೆದಿರುವುದು. ಉಗುರು ಚಿಕ್ಕದಾಗಿ, ಬಣ್ಣವಿಲ್ಲದೆ ಇರುವುದು. ಟೋಪಿ, ಮಾಸ್ಕು ಮೊದಲೇ ಕಟ್ಟಿರುವುದು. ಮೊಣಕೈ ಮೇಲಿನವರೆಗೆ ತೋಳು ಬರಿದಾಗಿರುವುದು. ದಿನದ ಮೊದಲ ಕೇಸಿಗೆ ಸಾದಾ ಸೋಪಿನಿಂದ ತೊಳೆದಿರುವುದು. ರಬ್ ಆದರೆ ಒಣ ಕೈಗೆ ಹಾಕಿರುವುದು, ಸ್ಕ್ರಬ್ ದ್ರವವಾದರೆ ಮೊದಲಿನ ಸೋಪು ಪೂರ್ತಿ ಹೋಗುವಂತೆ ತೊಳೆದಿರುವುದು. ಬೆರಳ ತುದಿ, ಕೈ, ಮುಂಗೈ ಎಂಬ ಕ್ರಮ. ಲೇಬಲ್ ಹೇಳಿದಷ್ಟು ಹೊತ್ತು. ಕೈ ಮೊಣಕೈಗಿಂತ ಮೇಲಿರುವುದು, ಏನನ್ನೂ ತಾಗಿಸದೆ ಒಳಗೆ ಹೋಗುವುದು. ಪೂರ್ತಿ ಒಣಗಿದ ಮೇಲೆ ಗ್ಲೌಸ್.

ಇದರಲ್ಲಿ ಅಂಕ ಮೋಸ ಮಾಡುವ ಜಾಗ ಒಂದಿದೆ. ಒಂಬತ್ತೂ ಸರಿ ಇದ್ದು ಹೊತ್ತು ಮಾತ್ರ ಸಾಲದೆ ಹೋದರೆ 9/10, ಶೇ 90, ಹಸಿರು ಬಣ್ಣ. ಆದರೆ ಎರಡು ನಿಮಿಷ ಬೇಕಾದ ದ್ರವವನ್ನು ನಲವತ್ತು ಸೆಕೆಂಡು ಹಚ್ಚಿದ ಕೈ ಶಸ್ತ್ರಕ್ರಿಯೆಗೆ ಸಿದ್ಧವಾಗಿಲ್ಲ. ಅದಕ್ಕೆ ಮೂರು ಅಂಶಗಳನ್ನು ಕಡ್ಡಾಯ ಎಂದು ಕೆಂಪು ಗೆರೆಯೊಳಗೆ ಇಟ್ಟೆವು: ಕೈಯ ಮೇಲೆ ಏನೂ ಇರಬಾರದು, ಹೊತ್ತು ಪೂರ್ತಿ ಆಗಬೇಕು, ಆಮೇಲೆ ಎಲ್ಲಿಯೂ ತಾಗಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಒಟ್ಟು ಎಷ್ಟೇ ಬಂದರೂ ‘ಅನುತ್ತೀರ್ಣ’. ದಾರದ ವಿಷಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ಕೆಂಪು ದಾರವನ್ನು ತೆಗೆಯಲು ಜನ ಹಿಂಜರಿಯುತ್ತಾರೆ, ನೋಡುವ ಸಿಸ್ಟರ್ ಕೇಳಲು ಹಿಂಜರಿಯುತ್ತಾರೆ. ಒದ್ದೆಯಾದ ದಾರದೊಳಗೆ ರಬ್ ಇಳಿದು ಒಣಗುವುದಿಲ್ಲ, ಅದರ ಕೆಳಗಿನ ಚರ್ಮವನ್ನು ಯಾರೂ ಉಜ್ಜುವುದೂ ಇಲ್ಲ. ಸಿಂಕಿನ ಹತ್ತಿರ ಹೋದ ಮೇಲೆ ಈ ಮಾತೆತ್ತಿದರೆ ಮುಖಭಂಗ. ಬಟ್ಟೆ ಬದಲಿಸುವ ಕೋಣೆಯಲ್ಲೇ ಒಂದು ಚಿಕ್ಕ ಡಬ್ಬಿಗಳ ಗೂಡು ಇಟ್ಟು, ‘ಇಲ್ಲಿ ಬಿಚ್ಚಿಡಿ’ ಎಂದು ಬರೆದದ್ದೇ ಸುಲಭದ ದಾರಿಯಾಯಿತು.

ಹೊತ್ತನ್ನು ಅಂದಾಜಿನಲ್ಲಿ ಬರೆಯಬಾರದು. ಸ್ಟಾಪ್‌ವಾಚ್ ಶುರುವಾಗುವುದು ನಲ್ಲಿ ತಿರುಗಿಸಿದಾಗ ಅಲ್ಲ, ದ್ರವ ಕೈಗೆ ತಾಗಿದಾಗ. ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ಸ್ಕ್ರಬ್ಬಿಗೆ ಉತ್ಪನ್ನಕ್ಕೆ ತಕ್ಕಂತೆ ಎರಡರಿಂದ ಐದು ನಿಮಿಷ. ಸರ್ಜಿಕಲ್ ರಬ್ಬಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ನಿಮಿಷ, ಅಷ್ಟು ಹೊತ್ತೂ ಕೈ ಒದ್ದೆಯಾಗೇ ಇರಬೇಕು. ಒದ್ದೆ ಉಳಿಯದೆ ಹೋಗುವುದಕ್ಕೆ ಕಾರಣ ಬಹಳ ಸಲ ಮನುಷ್ಯ ಅಲ್ಲ, ಪಂಪು. ರಬ್ಬಿನ ಅಂಟು ಒಣಗಿ ಮೂತಿ ಕಟ್ಟಿಕೊಂಡರೆ ಒಂದು ಒತ್ತಿಗೆ ಬರಬೇಕಾದ್ದರಲ್ಲಿ ಅರ್ಧವೇ ಬರುತ್ತದೆ. ತಿಂಗಳಿಗೊಮ್ಮೆ ಪಂಪನ್ನು ಹತ್ತು ಸಲ ಅಳತೆಯ ಲೋಟಕ್ಕೆ ಒತ್ತಿ, ಬಂದದ್ದನ್ನು ಹತ್ತರಿಂದ ಭಾಗಿಸಿ ಫಾರಂನ ತಳದಲ್ಲಿ ಬರೆಯುತ್ತೇವೆ. ಒಂದು ಒತ್ತಿಗೆ ಎಷ್ಟು ಮಿಲಿ ಎಂದು ಗೊತ್ತಿಲ್ಲದೆ ‘ಮೂರು ಒತ್ತು ಹಾಕಿ’ ಎಂದು ಗೋಡೆಯ ಮೇಲೆ ಚಿತ್ರ ಅಂಟಿಸಿ ಪ್ರಯೋಜನವಿಲ್ಲ.

ನೀರಿನ ಸಾಲೊಂದನ್ನು ಬೆಂಗಳೂರಿಗಾಗಿಯೇ ಸೇರಿಸಬೇಕಾಯಿತು: ‘ಮೊಣಕೈ ನಲ್ಲಿ ಕೆಲಸ ಮಾಡುತ್ತಿದೆಯೇ, ಧಾರೆ ಸಾಕಷ್ಟಿದೆಯೇ’. ಟ್ಯಾಂಕರ್ ನೀರನ್ನು ಮೇಲಿನ ಟ್ಯಾಂಕಿಗೆ ಏರಿಸುವ ಕಟ್ಟಡಗಳಲ್ಲಿ ಬೇಸಿಗೆಯ ಬೆಳಿಗ್ಗೆ ಧಾರೆ ಸಣ್ಣದಾಗುತ್ತದೆ. 2024ರ ಬೇಸಿಗೆಯ ನೀರಿನ ಬವಣೆ ನೆನಪಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಧಾರೆ ಸಣ್ಣದಾದರೆ ಜನ ಮೊದಲು ಕಡಿಮೆ ಮಾಡುವುದು ಸೋಪು ತೊಳೆಯುವುದನ್ನು. ಸಾದಾ ಸೋಪಿನ ಶೇಷ ಕೈಯಲ್ಲಿ ಉಳಿದರೆ ಮೇಲೆ ಹಚ್ಚುವ ಕ್ಲೋರ್‌ಹೆಕ್ಸಿಡಿನ್ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಅಂಥ ದಿನ ಬಿ ಭಾಗದ ಆರನೇ ಅಂಶ ತಪ್ಪಿದರೆ, ಕ್ರಮ ಹೋಗಬೇಕಾದ್ದು ಮೇಂಟೆನೆನ್ಸ್ ವಿಭಾಗಕ್ಕೆ.

ಇನ್ನು ಕ್ರಮದ ಕಾಲಂಗಳು. ಹಳೆಯ ‘ಷರಾ’ದಲ್ಲಿ ತಿಂಗಳು ತಿಂಗಳೂ ಬರುತ್ತಿದ್ದದ್ದು ಒಂದೇ ಸಾಲು: ‘ಸಿಬ್ಬಂದಿಗೆ ತಿಳಿಹೇಳಲಾಯಿತು’. ಇದರಿಂದ ಮುಂದಿನ ತಿಂಗಳು ನೋಡಲು ಏನೂ ಉಳಿಯುವುದಿಲ್ಲ. ಹೊಸದರಲ್ಲಿ ಷರಾ ತೆಗೆದು ಆರು ಕಾಲಂ ಮಾಡಿದೆವು: ಯಾವ ಲೋಪ, ಕಾರಣ, ತಕ್ಷಣ ಮಾಡಿದ್ದು, ಬದಲಿಸಬೇಕಾದ್ದು, ಯಾರು ಮತ್ತು ಯಾವ ತಾರೀಖಿನೊಳಗೆ, ಹೇಗೆ ಪರೀಕ್ಷಿಸಿ ಮುಚ್ಚುವುದು. ಕಾರಣದ ಕಾಲಂನಲ್ಲಿ ‘ಉದಾಸೀನ’ ಎಂದು ಬರೆಯುವಂತಿಲ್ಲ. ಜಾಗ, ಸಾಮಗ್ರಿ, ಸಮಯದ ಒತ್ತಡ, ತಿಳಿವಳಿಕೆ ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು, ಆರಿಸಲು ನಿಂತು ಕೇಳಬೇಕು.

ಮೇಲಿನ ಕೇಸಿನ ಡ್ರಾಯರ್ ಸಾಲನ್ನೇ ತುಂಬಿ ತೋರಿಸುತ್ತೇವೆ. ಸೆಷನ್ ಮುಗಿದ ಮೇಲೆ ಪಕ್ಕಕ್ಕೆ ಕರೆದು, “ಸರ್, ಕ್ಯಾನುಲಾ ಆದಮೇಲೆ ರಬ್ ಹಾಕಿಕೊಳ್ಳದೆ ಡ್ರಾಯರಿಗೆ ಕೈ ಹೋಯಿತು, ಏನು ತೊಡಕು?” ಎಂದು ಕೇಳಿದರೆ ಬರುವ ಉತ್ತರ: “ಸಿಸ್ಟರ್, ಬಾಟಲಿ ಬಾಗಿಲ ಹತ್ತಿರ ಇದೆ. ಕ್ಯಾನುಲಾ ಒತ್ತಿ ಹಿಡಿದುಕೊಂಡು ಅಲ್ಲಿಗೆ ಹೋಗೋಕಾಗುತ್ತಾ?” ನ್ಯಾಯವಾದ ಮಾತು. ಕಾರಣ: ಜಾಗ. ತಕ್ಷಣ ಮಾಡಿದ್ದು: ಡ್ರಾಯರಿನ ಹಿಡಿ ಒರೆಸಿದ್ದು, ಪ್ಲಾಸ್ಟರ್ ತುಂಡುಗಳನ್ನು ಮೊದಲೇ ಕತ್ತರಿಸಿ ಟ್ರೇಯಲ್ಲಿ ಇಡಲು ಟೆಕ್ನಿಷಿಯನ್ನಿಗೆ ಹೇಳಿದ್ದು. ಬದಲಿಸಬೇಕಾದ್ದು: ಅನಸ್ತೇಸಿಯಾ ಮೆಷಿನ್ನಿನ ಪಕ್ಕದ ಕಂಬಿಗೂ ಟ್ರಾಲಿಗೂ ಒಂದೊಂದು ರಬ್ ಬಾಟಲಿಯ ಹಿಡಿಕೆ, ಕೈ ಚಾಚಿದರೆ ಸಿಗುವಂತೆ. ಮೆಷಿನ್ನಿಗೆ ಏನನ್ನಾದರೂ ಕಟ್ಟುವ ಮೊದಲು ಬಯೋಮೆಡಿಕಲ್ ಇಂಜಿನಿಯರ್ ನೋಡಬೇಕು. ಆಲ್ಕೊಹಾಲ್ ಹೊತ್ತಿಕೊಳ್ಳುವ ವಸ್ತುವಾದ್ದರಿಂದ, ಸುಟ್ಟು ರಕ್ತ ನಿಲ್ಲಿಸುವ ಕಾಟರಿಯಿಂದ ದೂರವಿರಬೇಕು, ಕೈ ಪೂರ್ತಿ ಆರಿದ ಮೇಲಷ್ಟೇ ಮುಂದಿನ ಕೆಲಸ. ಯಾರು: ಓಟಿ ಇನ್‌ಚಾರ್ಜ್ ಸಿಸ್ಟರ್, ತಾರೀಖಿನ ಸಮೇತ. ಪರೀಕ್ಷೆ: ಮುಂದಿನ ಮೂರು ಅನಸ್ತೇಸಿಯಾ ಶುರುವಿನ ಸೆಷನ್‌ಗಳಲ್ಲಿ ‘ದ್ರವದ ನಂತರ’ದ ಸಾಲು ಮಾತ್ರ. ಹಿಡಿಕೆ ಹಾಕಿದ ಫೋಟೋ ತಂದರೆ ಸಾಲು ಮುಚ್ಚುವುದಿಲ್ಲ, ಆ ಗಳಿಗೆಯ ಅಂಕ ಏರಿದರೆ ಮುಚ್ಚುತ್ತದೆ.

ನೋಡುತ್ತಿರುವಾಗಲೇ ಬಾಯಿ ತೆರೆಯಬೇಕಾದ್ದು ಯಾವಾಗ ಎಂಬ ಪ್ರಶ್ನೆ ಪ್ರತಿ ತರಬೇತಿಯಲ್ಲೂ ಬರುತ್ತದೆ. ಬಿ ಭಾಗದ ಕಡ್ಡಾಯ ಅಂಶ ತಪ್ಪಿದರೆ ಅಲ್ಲೇ ಹೇಳಲೇಬೇಕು, ಗೌನ್ ತೊಡುವ ಮೊದಲು, ಎಷ್ಟೇ ಹಿರಿಯ ಸರ್ಜನ್ ಆಗಿರಲಿ. “ಸರ್, ಮೊಣಕೈ ಬಾಗಿಲಿಗೆ ತಾಗಿತು, ಇನ್ನೊಂದು ಸಲ” ಎಂದರೆ ಸಾಕು. ಈ ಮಾತಿಗೆ ಬೆಲೆ ಬರಬೇಕಾದರೆ ವಿಭಾಗದ ಮುಖ್ಯಸ್ಥರು ಮೊದಲೇ ಒಪ್ಪಿ ಸಹಿ ಹಾಕಿದ ಒಂದು ಸಾಲು ಫಾರಂ ಮೇಲಿರಬೇಕು. ಎ ಭಾಗದ ಲೋಪಗಳನ್ನು ಸೆಷನ್ ಮುಗಿದ ಮೇಲೆ ಅದೇ ದಿನ ಹೇಳುವುದು ವಾಸಿ, ನಡುವೆ ಹೇಳಿದರೆ ಉಳಿದ ಹಾಳೆಯೆಲ್ಲ ನಿಮ್ಮ ಮಾತಿನ ಫಲವಾಗಿಬಿಡುತ್ತದೆ.

ಯಾರೋ ನೋಡುತ್ತಿದ್ದಾರೆ ಎಂದು ಗೊತ್ತಾದಾಗ ಎಲ್ಲರ ಕೈಯೂ ಚುರುಕಾಗುತ್ತದೆ. ಅದನ್ನು ಪೂರ್ತಿ ತಪ್ಪಿಸಲಾಗದು, ಆದರೆ ಸ್ಟೋರ್ ಲೆಕ್ಕದೊಂದಿಗೆ ತಾಳೆ ನೋಡಬಹುದು. ಒಂದು ಕೇಸಿಗೆ ಕಡಿಮೆ ಎಂದರೂ 14 ಅವಕಾಶ, ಒಂದು ಸಲಕ್ಕೆ ಸುಮಾರು 3 ಮಿಲಿ ರಬ್ ಎಂದರೆ 42 ಮಿಲಿ. ಪಾಲನೆ ಶೇ 90 ಎಂದು ಫಾರಂ ಹೇಳಿದರೆ 100 ಕೇಸಿಗೆ 3.8 ಲೀಟರ್, ಅಂದರೆ 500 ಮಿಲಿಯ ಏಳೆಂಟು ಬಾಟಲಿ ಹೋಗಿರಬೇಕು. ಸ್ಟೋರಿನಿಂದ ಎರಡೇ ಬಾಟಲಿ ಹೊರಟಿದ್ದರೆ ಫಾರಂ ಮೇಲೆ ಅನುಮಾನ ಪಡಲೇಬೇಕು. ಕೆಲವರು ಸೋಪು ನೀರಿನಲ್ಲಿ ತೊಳೆದಿರುತ್ತಾರೆ, ಹಾಗಾಗಿ ಲೆಕ್ಕ ಕೂದಲೆಳೆಯಷ್ಟು ಕೂಡಬೇಕಿಲ್ಲ. ಸ್ಕ್ರಬ್ ಸಿಂಕಿನ ಸರ್ಜಿಕಲ್ ರಬ್ ಮಾತ್ರ ಇದರಲ್ಲಿ ಬೆರೆಯದಂತೆ ಬೇರೆ ಇಂಡೆಂಟ್ ಹಾಕಿಸಬೇಕು.

ಶೇಕಡಾವಾರನ್ನು ಎಂದೂ ಒಂಟಿಯಾಗಿ ಬರೆಯುವುದಿಲ್ಲ, ಪಕ್ಕದಲ್ಲಿ ಭಿನ್ನರಾಶಿ ಇರಲೇಬೇಕು. ಏಳು ಅವಕಾಶದ ಹಾಳೆಯಲ್ಲಿ ಒಂದು ಕೈ ಹೆಚ್ಚಾದರೆ ಅಂಕ 14 ಏರುತ್ತದೆ, ಅದನ್ನು ಸುಧಾರಣೆ ಎಂದು ಮೀಟಿಂಗಿನಲ್ಲಿ ತೋರಿಸಲಾಗದು. ಒಂದು ಅವಧಿಯನ್ನು ಇನ್ನೊಂದರೊಂದಿಗೆ ಹೋಲಿಸಲು ಸುಮಾರು 200 ಅವಕಾಶ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಕೋಣೆಯ ಚಿಕ್ಕ ಓಟಿಗೆ ಅದು ಒಂದು ತಿಂಗಳಲ್ಲಿ ಆಗದಿದ್ದರೆ ಮೂರು ತಿಂಗಳು ಕೂಡಿಸಿ. ಕೂಡಿಸುವಾಗಲೂ ಗಳಿಗೆವಾರು, ಹುದ್ದೆವಾರು ಬೇರೆಬೇರೆಯಾಗಿಯೇ ಇಡಿ. ಮೂರು ಸಲ ಪರೀಕ್ಷಿಸಿಯೂ ಮುಚ್ಚದ ಕ್ರಮದ ಸಾಲು ಓಟಿ ಮಟ್ಟದಲ್ಲಿ ಉಳಿಯಬಾರದು. ಅದು ಸೋಂಕು ನಿಯಂತ್ರಣ ಸಮಿತಿಯ ಸಭೆಗೆ ಹೋಗುತ್ತದೆ, ಖರೀದಿ ಬೇಕಿದ್ದರೆ ಬೆಲೆಯ ಅಂದಾಜಿನ ಸಮೇತ, ಹಳೆಯ ಮೂರೂ ಹಾಳೆಗಳನ್ನು ಹಿಂದೆ ಪಿನ್ ಮಾಡಿ.